ಸಹಾಯ ಬೇಕು: ಸಭೆಯ ಧ್ವನಿಮುದ್ರಣದಲ್ಲಿರುವ ಕೀಬೋರ್ಡ್ ಮತ್ತು ಮೌಸ್ ಸದ್ದು ತೆಗೆಯುವ ಬಗ್ಗೆ

ಮಾನ್ಯರೇ,

ಮಡಿಕೇರಿಯ ನಮ್ಮ ಕಾಫಿ ಬೆಳೆಗಾರರ ಗುಂಪಿನ ಆನ್‌ಲೈನ್ ಸಭೆಯಲ್ಲಿ ಹಿರಿಯರೊಬ್ಬರು ಕಾಯಿಕೊರಕದ ಬಗ್ಗೆ ನೀಡಿದ ವಿವರಣೆಯನ್ನು, ಸಭೆಗೆ ಬರಲಾಗದ ಸದಸ್ಯರಿಗೆ ಕಳುಹಿಸಬೇಕಾಗಿದೆ. ಟಿಪ್ಪಣಿ ಬರೆದುಕೊಳ್ಳುತ್ತಿದ್ದವರ ಮೈಕ್ ತೆರೆದೇ ಇದ್ದುದರಿಂದ, ಅವರ ಕೀಬೋರ್ಡ್ ಮತ್ತು ಮೌಸ್ ಸದ್ದು ಮಾತಿನುದ್ದಕ್ಕೂ ಸೇರಿಕೊಂಡಿದೆ. ಎಲ್ಲರ ಧ್ವನಿಯೂ ಒಂದೇ ಫೈಲಿನಲ್ಲಿ ಬೆರೆತಿರುವುದರಿಂದ ಅವರ ಮೈಕನ್ನಷ್ಟೇ ಮುಚ್ಚಲು ಸಾಧ್ಯವಿಲ್ಲ.

Audacity ತಂತ್ರಾಂಶದ Noise Reduction ಬಳಸಿದಾಗ ಹೆಂಚಿನ ಮೇಲಿನ ಮಳೆಯ ಸದ್ದು ಚೆನ್ನಾಗಿಯೇ ತಗ್ಗಿತು, ಏಕೆಂದರೆ ಅದು ಒಂದೇ ಸಮನೆ ಕೇಳುವ ಸದ್ದು. ಕ್ಷಣಮಾತ್ರದಲ್ಲಿ ಎದ್ದು ಅಡಗುವ ಕೀಲಿಗಳ ಸದ್ದು ಮಾತ್ರ ಹಾಗೆಯೇ ಉಳಿಯಿತು. Click Removal ಹಳೆಯ ಗ್ರಾಮಫೋನ್ ತಟ್ಟೆಗಳ ಅತಿ ಸೂಕ್ಷ್ಮ ಚಿಟಿಚಿಟಿಗೆಂದೇ ಇರುವುದರಿಂದ, ಕೋಣೆಯ ಪ್ರತಿಧ್ವನಿಯೊಂದಿಗೆ ತುಸು ದೀರ್ಘವಾಗುವ ಕೀಲಿಯ ಸದ್ದನ್ನು ಅದು ಗುರುತಿಸುತ್ತಿಲ್ಲ. ಅದರ Threshold ಇಳಿಸಿದರೆ ‘ಟ’, ‘ಕ’, ‘ಪ’ ಅಕ್ಷರಗಳ ಆರಂಭವೇ ಸವೆದು, ಔಷಧದ ಹೆಸರು ಮತ್ತು ಪ್ರಮಾಣ ಅಸ್ಪಷ್ಟವಾಗುತ್ತವೆ. ಬೆಳೆಗಾರರಿಗೆ ಮುಖ್ಯವಾಗಿ ಬೇಕಾದುದು ಅವೇ.

ಮಾತಿನ ನಡುವಿನ ಮೌನದಲ್ಲಿ ಬಂದ ಸದ್ದುಗಳನ್ನು ಕೈಯಿಂದಲೇ ತಗ್ಗಿಸಿದ್ದೇನೆ. ಮಾತಿನ ಮೇಲೆಯೇ ಬಿದ್ದಿರುವುದನ್ನು Spectrogram ನೋಟದಲ್ಲಿ ಹೆಚ್ಚಿನ ಆವರ್ತನದ ಭಾಗವನ್ನಷ್ಟೇ ಆರಿಸಿ ತಗ್ಗಿಸುವುದು ಸರಿಯೇ? ಹಾಗೆ ಮಾಡಿದರೆ ‘ಸ’, ‘ಶ’ ಧ್ವನಿಗಳು ಮಂಕಾಗದಂತೆ ಎಷ್ಟು ಡೆಸಿಬೆಲ್‌ವರೆಗೆ ಇಳಿಸಬಹುದು ಎಂಬುದನ್ನು ಅನುಭವವುಳ್ಳವರು ದಯವಿಟ್ಟು ತಿಳಿಸಬೇಕೆಂದು ವಿನಂತಿಸುತ್ತೇನೆ.