ಸಹಾಯ ಬೇಕು: ಪರಿಶೀಲಿಸದ ಅನುವಾದ ಮೆಮೊರಿಗೆ ಸೇರದಂತೆ ತಡೆಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ್ರಿ. ಹುಬ್ಬಳ್ಳಿಯಲ್ಲಿ ನಾವು ನಾಲ್ವರು ಬಾಡಿಗೆ ಮತ್ತು ಗೋದಾಮು ಕರಾರುಗಳನ್ನು ಒಮೇಗಾಟಿ ಅನ್ನೋ ಅನುವಾದ ತಂತ್ರಾಂಶದಲ್ಲಿ ಇಂಗ್ಲಿಷಿನಿಂದ ಕನ್ನಡಕ್ಕೆ ಮಾಡ್ತೇವಿ. ಬಹಳಷ್ಟು ಕಲಮುಗಳು ಪ್ರತಿ ಕರಾರಿನಲ್ಲೂ ಅವೇ.

ಹೋದ ತಿಂಗಳು ಒಬ್ಬರು 'ಕನ್ಸಿಡರೇಷನ್' ಅನ್ನೋ ತಲೆಬರಹಕ್ಕೆ 'ಪರಿಗಣನೆ' ಅಂತ ಹಾಕಿದ್ರು. ಕರಾರಿನಲ್ಲಿ ಅದು 'ಪ್ರತಿಫಲ' ಆಗಬೇಕು. ಕೊಡುವ ಹಣಕ್ಕೂ ಯೋಚನೆ ಮಾಡೋದಕ್ಕೂ ಏನು ಸಂಬಂಧ? ಆ ಕಡತ ಪರಿಶೀಲನೆಗೆ ಬರೋದಕ್ಕಿಂತ ಮೊದಲೇ, ಮಾಡಿದ ಅನುವಾದಗಳನ್ನು ಕೂಡಿಡುವ ಅವರ ಮೆಮೊರಿ ಕಡತ `project_save.tmx` ಅನ್ನು ಎಲ್ಲರೂ ನಕಲು ಮಾಡಿ `tm/auto` ದಲ್ಲಿ ಇಟ್ಕೊಂಡಿದ್ವಿ. ನೂರಕ್ಕೆ ನೂರು ಹೊಂದಿಕೆ ಅಂತ ತಪ್ಪು ತಾನಾಗಿಯೇ ಇನ್ನೂ ಆರು ಕರಾರುಗಳಿಗೆ ತುಂಬಿಕೊಂಡಿತು. ಮೊದಲೇ ತುಂಬಿದ ಸಾಲನ್ನು ಯಾರೂ ಓದಲಿಲ್ಲ, ಅದೇ ನನಗೆ ಹೆಚ್ಚು ಚಿಂತೆ.

ಈಗ ಹೀಗೆ ಬದಲಿಸಿದ್ದೇನೆ: ಪರಿಶೀಲನೆ ಆಗದ ಮೆಮೊರಿ `tm/penalty-020` ಕ್ಕೆ ಹೋಗ್ತದ. ಪೂರ್ತಿ ಹೊಂದಿದ್ದೂ 80 ಅಂತ ಕಾಣ್ತದ, ತಾನಾಗಿ ತುಂಬೋದಿಲ್ಲ. ಪರಿಶೀಲಕರು ತಿದ್ದಿದ ಕಡತದಿಂದ ಬಂದ ಮೆಮೊರಿ ಮಾತ್ರ `tm/auto` ಕ್ಕೆ.

ಆದರೆ `tm/auto` ಖಾಲಿ ಸಾಲುಗಳನ್ನಷ್ಟೇ ತುಂಬ್ತದ. ಅರ್ಧ ಮುಗಿದ ಕರಾರಿನಲ್ಲಿ ಹಳೇ 'ಪರಿಗಣನೆ' ಹಾಗೇ ಉಳೀತದ. `tm/enforce` ಬಳಸಿದ್ರೆ ಇದ್ದದ್ದರ ಮೇಲೂ ಬರೀತದ. ಒಂದೇ ಇಂಗ್ಲಿಷ್ ಸಾಲಿಗೆ ಎರಡು ಕರಾರುಗಳಲ್ಲಿ ಬೇರೆ ಬೇರೆ ಕನ್ನಡ ಬೇಕಾದಾಗ ಅದು ಸರಿಯಾದದ್ದನ್ನೂ ಅಳಿಸೀತು ಅನ್ನೋ ಭಯ. ನಿಮ್ಮ ತಂಡದಲ್ಲಿ ತಿದ್ದುಪಡಿಯನ್ನು ನಡುವೆ ಹೇಗೆ ಹಂಚ್ತೀರಿ? ಬಾಡಿಗೆಗೂ ಗೋದಾಮಿಗೂ ಮೆಮೊರಿ ಬೇರೆ ಇಡ್ತೀರೇನು? ಮಾಡಿ ನೋಡಿದವರು ದಯವಿಟ್ಟು ತಿಳಿಸ್ರಿ.