ಉಬ್ಬಿ ಕೂತ ಪೆಟ್ಟಿಗೆ ಮುಚ್ಚಳ: ಕಥೆಗೆ ಬೇಕಾದ ವಿವರ

ಪ್ರಶ್ನೆ: ಕಥೆ ಬರೀತಿದ್ದೀನಿ. ಆಷಾಢದ ಮಳೆ, ಸಾಗರದ ಕಡೆಯ ಹಳೇ ಮನೆ. ದೊಡ್ಡಪ್ಪನ ಮಗ, ಚಿಕ್ಕಪ್ಪನ ಮಗಳು ಸೇರಿ ಹಲಸಿನ ಮರದ ಪೆಟ್ಟಿಗೆ ತೆಗೀಬೇಕು. ಮೂರಡಿ ಉದ್ದ, ಒಂದೂವರೆ ಅಡಿ ಅಗಲ. ಮುಚ್ಚಳದ ಅಂಚು ಪೆಟ್ಟಿಗೆಯ ಗೋಡೆ ಮೇಲೆ ಕೂರುತ್ತೆ, ಕೆಳಭಾಗ ಒಂದಿಂಚು ಒಳಗಿಳಿಯುತ್ತೆ. ಒಳಗೆ ಕಾಗದಪತ್ರ. ನಿಜವಾಗಿ ಹೇಗೆ ಬಿಡಿಸ್ತಾರೆ?

ಶಿರಸಿಯಿಂದ: ಮನೇಲಿ ಪೆಟ್ಟಿಗೆ ಸಿಕ್ಕಿಕೊಂಡಿದ್ರೆ ಸಂದಿಗೆ ಸೀಮೆಎಣ್ಣೆ ಬಿಡಿ, ರಾತ್ರಿ ಕಳೆದ್ರೆ ಬಿಡುತ್ತೆ.

ತೀರ್ಥಹಳ್ಳಿಯ ಮರಗೆಲಸದವರು: ಅವರು ಕೇಳ್ತಿರೋದು ಕಥೆಗೆ. ಸೀಮೆಎಣ್ಣೆ ತುಕ್ಕು ಹಿಡಿದ ಬಿಜಾಗರಿಗೆ ಸರಿ, ಉಬ್ಬಿದ ಮರಕ್ಕೆ ಪ್ರಯೋಜನವಿಲ್ಲ. ಒಳಗಿಳಿದ್ರೆ ಕಾಗದ ಹಾಳು. ಹಾಗಾಗಿ ಹಿಡಿದಿರೋದು ಯಾವುದು ಅಂತ ಅವರಿಬ್ಬರೂ ಮೊದಲು ನೋಡ್ಲಿ. ಚಿಲಕ ಬಿಚ್ಚಿ ಮುಂದಿನ ಅಂಚನ್ನು ಮೇಲೆತ್ತಿದಾಗ ಕೂದಲೆಳೆಯಷ್ಟು ಎದ್ದು ಮತ್ತೆ ಕೂತರೆ ಬಿಜಾಗರಿ ಮೇಲೆ ಅನುಮಾನ. ಅಲುಗಾಡದೇ ಇದ್ರೆ ಮರ.

ಮರ ಎಳೆಯ ಉದ್ದಕ್ಕೆ ಹೆಚ್ಚೂಕಡಿಮೆ ಬೆಳೆಯೋದೇ ಇಲ್ಲ, ಅಡ್ಡಕ್ಕೆ ಬೆಳೆಯುತ್ತೆ. ಹಲಗೆಗಳು ಉದ್ದುದ್ದ ಇದ್ರೆ ಒಂದೂವರೆ ಅಡಿ ಅಗಲ ಮಳೆಗಾಲದಲ್ಲಿ ಮೂರ್ನಾಲ್ಕು ಮಿಲಿಮೀಟರ್ ಹಿಗ್ಗಬಹುದು. ಅದಕ್ಕೇ ಮುಚ್ಚಳ ಮುಂದಿನ, ಹಿಂದಿನ ಗೋಡೆಗೆ ಒತ್ತಿಕೊಂಡಿರುತ್ತೆ. ಎಡ-ಬಲ ತುದಿಗಳಲ್ಲಿ ಸಡಿಲವೇ. ಈ ವಿವರ ತಪ್ಪಿದ್ರೆ ಕೆಲಸ ಗೊತ್ತಿರೋ ಓದುಗ ಅಲ್ಲೇ ನಿಂತುಬಿಡ್ತಾನೆ.

ಒಂದೇ ಸಂಜೆಗೆ ಬಿಡಿಸಬೇಡಿ. ಮಣ್ಣಿನ ಗೋಡೆಯಿಂದ ದೂರ ಎಳೆದು ನಾಲ್ಕು ಇಟ್ಟಿಗೆ ಮೇಲಿಟ್ಟು, ಒಲೆ ಇರೋ ಕೋಣೇಲಿ ಬಿಡ್ಲಿ. ಬೆಂಕಿಗೆ ಹತ್ತಿರ ಬೇಡ. ಮೇಲ್ಮೈ ಮಾತ್ರ ಬೇಗ ಒಣಗಿದ್ರೆ ಹಲಗೆ ಬಟ್ಟಲಿನ ಹಾಗೆ ಬಾಗಿ ಜೋಡಣೆ ಬಿಡುತ್ತೆ. ನಾಲ್ಕೈದು ದಿನ ಆದ ಮೇಲೆ ಎರಡು ಬಿದಿರಿನ ಬೆಣೆ ಸಾಕು, ತುದಿ ಬೆರಳುಗುರಿನಷ್ಟು ತೆಳ್ಳಗಿರಲಿ. ಮುಂದಿನ ಎರಡು ಮೂಲೆಯಲ್ಲೂ ಅಂಚಿನ ಕೆಳಗೆ ಒಂದೊಂದು ಇಟ್ಟು, ಅಣ್ಣ ಒಂದು ಕಡೆ, ತಂಗಿ ಇನ್ನೊಂದು ಕಡೆ, ಕೊಡತಿಯಿಂದ ಒಂದೊಂದೇ ಪೆಟ್ಟು. ಒಂದೇ ಮೂಲೆ ಎತ್ತಿದ್ರೆ ಮುಚ್ಚಳ ಓರೆಯಾಗಿ ಇನ್ನೂ ಬಿಗಿಯುತ್ತೆ. ಇಬ್ಬರು ಬೇಕಾಗೋದು ಅದಕ್ಕೇ. ಕಬ್ಬಿಣದ ಉಳಿ ಹಾಕಿದ್ರೆ ಅಂಚು ಜಜ್ಜಿಹೋಗುತ್ತೆ.

ಬೆಂಗಳೂರಿಂದ: ಮೇಣದಬತ್ತಿ ಉಜ್ಜಿದ್ರೆ ಜಾರಲ್ವಾ?

ತೀರ್ಥಹಳ್ಳಿಯವರು: ಜಾರುತ್ತೆ, ಆದ್ರೆ ತೆಗೆದ ಮೇಲೆ. ಬಿಗಿದಿರುವಾಗ ಮೇಣ ಹೋಗೋಕೆ ಸಂದಿಯೇ ಇರಲ್ಲ. ತೆಗೆದು ಒಳಗಿಳಿಯೋ ಭಾಗಕ್ಕೆ ಇದ್ದಿಲ ಪುಡಿ ಸವರಿ, ಒಮ್ಮೆ ಮುಚ್ಚಿ ತೆಗೀಲಿ. ಗೋಡೆಯಲ್ಲಿ ಕಪ್ಪಾದ ಜಾಗವೇ ಉಜ್ಜಿಕೊಳ್ಳೋ ಜಾಗ. ಒಳಗಿಳಿಯೋ ಭಾಗದಲ್ಲಿ ಅದಕ್ಕೆ ಎದುರಾಗೋ ಬದಿಯನ್ನು ಮಾತ್ರ ತೆಳ್ಳಗೆ ಕೀಸಿ, ಮೇಲೆ ಮೇಣ.

ಪುತ್ತೂರಿಂದ: ಮಳೇಲಿ ಕೀಸಬಾರದು ಸ್ವಾಮಿ. ಮಾಘದಲ್ಲಿ ಒಣಗಿದಾಗ ಸಂದಿ ಬಿದ್ದು ಜಿರಳೆ ನುಗ್ಗುತ್ತೆ.

ತೀರ್ಥಹಳ್ಳಿಯವರು: ಮಾಘದಲ್ಲಿ ಕೀಸೋವಾಗ ಎಷ್ಟು ತೆಗೀಬೇಕು ಅಂತ ಹೇಗೆ ಗೊತ್ತಾಗುತ್ತೆ? ಅತಿ ದಪ್ಪಗಿರೋ ಕಾಲದಲ್ಲೇ ಅಳತೆ ಸಿಗೋದು.

ಪುತ್ತೂರಿಂದ: ಆಷಾಢದಲ್ಲಿ ಗುರುತು ಮಾಡಿ, ಮಾಘದಲ್ಲಿ ಅರ್ಧ ಮಾತ್ರ ಕೀಸೋದು. ಇದ್ರಲ್ಲಿ ನಾನಂತೂ ಒಪ್ಪಲ್ಲ.