ಅಮೆರಿಕದ ಗಡಿಯಾರ ಬದಲಾದರೆ ನಮ್ಮ ಸಂಜೆ ಕಾಲ್ ಯಾರ ಟೈಮ್‌ಗೆ?

ಕೇಳಿದವರು, ತುಮಕೂರು: ನಮ್ಮ ತಂಡ ನ್ಯೂಯಾರ್ಕ್, ಲಂಡನ್, ಭಾರತದಲ್ಲಿದೆ. ದಿನದ ಕಾಲ್ ಸಂಜೆ 7:30ಕ್ಕಿತ್ತು, ಮಾರ್ಚ್‌ನಲ್ಲಿ ಅಮೆರಿಕದವರು ಗಡಿಯಾರ ಒಂದು ಗಂಟೆ ಮುಂದಿಟ್ಟಾಗ ತಾನಾಗಿ 6:30ಕ್ಕೆ ಬಂತು. ಯಾರ ಟೈಮ್‌ಗೆ ಕಟ್ಟಿಸಬೇಕು? ಅನುಭವ ಇದ್ದವರು ಹೇಳಿ.

ಕೋಲಾರ: ನಾನು ಜಗಳವಾಡಿ ಭಾರತದ ಟೈಮ್‌ಗೇ ಹಾಕಿಸಿದ್ದೇನೆ, ಸಂಜೆ 6:30. ಬೇಸಿಗೆಯಲ್ಲಿ ನ್ಯೂಯಾರ್ಕ್‌ನವರಿಗೆ ಬೆಳಿಗ್ಗೆ 9, ನವೆಂಬರ್‌ನಿಂದ 8. ಮಗುವನ್ನು ಶಾಲೆಗೆ ಬಿಡುವ ಹೊತ್ತು ಅಂತ ಅಲ್ಲಿಂದ ದೂರಿನ ಮೇಲೆ ದೂರು. ನನ್ನ ಮಗಳ ಟ್ಯೂಷನ್ ಬಿಡುವುದೂ 7:30ಕ್ಕೇ, ಆಗ ಯಾರು ಕೇಳಿದ್ದರು? ಮ್ಯಾನೇಜರ್ ಮುಖ ಈಗಲೂ ಸಪ್ಪಗಿದೆ. ಇರಲಿ ಬಿಡಿ.

ಚಿಂತಾಮಣಿ: ಇಷ್ಟೆಲ್ಲ ರಗಳೆ ಯಾಕೆ? ಎಂದೂ ಬದಲಾಗದ ಜಾಗತಿಕ ಟೈಮ್ ಯುಟಿಸಿಗೆ ಹಾಕಿ. ನಮ್ಮದು ಫೀನಿಕ್ಸ್ ತಂಡ. ನಮಗೆ ರಾತ್ರಿ 9, ಅವರಿಗೆ ಬೆಳಿಗ್ಗೆ 8:30. ವರ್ಷವಿಡೀ ಒಂದು ನಿಮಿಷವೂ ಅಲ್ಲಾಡಿಲ್ಲ.

ತಿಪಟೂರು: ಅಲ್ಲಾಡದಿರುವುದು ಯುಟಿಸಿಯಿಂದಲ್ಲ ಸಾರ್. ಫೀನಿಕ್ಸ್ ಇರುವ ಅರಿಜೋನಾದಲ್ಲಿ ಬಹುತೇಕ ಕಡೆ ಗಡಿಯಾರ ಬದಲಿಸುವುದೇ ಇಲ್ಲ. ನ್ಯೂಯಾರ್ಕ್ ಇದ್ದರೆ ಯುಟಿಸಿಗೆ ಹಾಕಿದರೂ ಭಾರತದ ಟೈಮ್‌ಗೆ ಹಾಕಿದರೂ ಒಂದೇ, ಸರಿಯುವುದು ಅವರ ಕಡೆ.

ನಿಜವಾದ ಪೆಟ್ಟು ಲಂಡನ್‌ನವರಿಗೆ. 2026ರಲ್ಲಿ ಅಮೆರಿಕ ಮಾರ್ಚ್ 8ಕ್ಕೆ ಬದಲಾಯಿಸಿದರೆ ಲಂಡನ್ ಮಾರ್ಚ್ 29ಕ್ಕೆ. ನಡುವಿನ ಮೂರು ವಾರ ನ್ಯೂಯಾರ್ಕ್‌ನ 9 ಗಂಟೆ ಲಂಡನ್‌ನಲ್ಲಿ ಮಧ್ಯಾಹ್ನ 2 ಅಲ್ಲ, 1. ಅಲ್ಲಿನ 1 ಗಂಟೆಯ ಮೀಟಿಂಗ್ ಜೊತೆ ನಮ್ಮದು ಡಿಕ್ಕಿ ಹೊಡೆದು, ಅವರ ಟೆಸ್ಟಿಂಗ್‌ನವರು ಆ ಮೂರೂ ವಾರ ಬರಲೇ ಇಲ್ಲ. ಬಿಲ್ಡ್ ತಡವಾಗುತ್ತಲೇ ಹೋಯಿತು. ಅಕ್ಟೋಬರ್ 25ರಿಂದ ನವೆಂಬರ್ 1ರವರೆಗೆ ಇದೇ ಗೋಳು ಒಂದು ವಾರ. ಆ ವಾರಗಳನ್ನು ಕ್ಯಾಲೆಂಡರ್‌ನಲ್ಲಿ ಈಗಲೇ ತೆರೆದು, ಮೂರೂ ಊರಿನ ಟೈಮ್ ಅಕ್ಕಪಕ್ಕ ಇಟ್ಟು ನೋಡಿ.

ಇನ್ನೊಂದು, ದಿನಾ ಮರುಕಳಿಸುವ ಮೀಟಿಂಗ್‌ಗಳ ಸರಣಿ ಅಂಟಿಕೊಳ್ಳುವುದು ಅದನ್ನು ಮಾಡುವಾಗ ಆರಿಸಿದ ಝೋನ್‌ಗೆ. ಅಲ್ಲಿ `America/New_York` ಇರಲಿ. `EST` ಅಂತ ಹಾಕಿದರೆ ಚಳಿಗಾಲದ ಟೈಮ್‌ಗೇ ನಿಂತುಬಿಡಬಹುದು. ನಮ್ಮಲ್ಲಿ ಸರಣಿ ಮಾಡಿದಾಕೆ ಕೆಲಸ ಬಿಟ್ಟರು. ತಿದ್ದಲಾಗದೆ ಹಳೆಯದನ್ನು ಅಳಿಸಿ ಹೊಸದು ಮಾಡಬೇಕಾಯಿತು. ಕೆಲವರ ಕ್ಯಾಲೆಂಡರ್‌ನಲ್ಲಿ ಎರಡೂ ಉಳಿದು, ಅವರು ಹಳೆಯ ಖಾಲಿ ಕಾಲ್‌ನಲ್ಲಿ ಕಾದು ಕುಳಿತರು.

ಚಿಂತಾಮಣಿ: ನನ್ನದು ನಡೆಯುತ್ತಿದೆ ಅಂದೆ, ಪಾಠ ಕೇಳಲಿಲ್ಲ.

ತಿಪಟೂರು: ಪ್ರಶ್ನೆ ನ್ಯೂಯಾರ್ಕ್‌ದು. ಸುಮ್ನೆ ಯಾರಿಗೋ ದಾರಿ ತಪ್ಪಿಸಬೇಡಿ.

ಕೆಜಿಎಫ್: ಇದೆಲ್ಲ ಇರಲಿ, ರಾತ್ರಿ ಪಾಳಿಯ ಕ್ಯಾಬ್ ಬಗ್ಗೆ ಯಾರೂ ಮಾತಾಡುವುದಿಲ್ಲ ಯಾಕೆ? ನವೆಂಬರ್‌ನಲ್ಲಿ ಪಾಳಿ ಒಂದು ಗಂಟೆ ತಡವಾಯಿತು, ಕ್ಯಾಬ್ ಮಾತ್ರ ಹಳೆ ಟೈಮ್‌ಗೇ. ವೈಟ್‌ಫೀಲ್ಡ್‌ನಿಂದ ಊರಿಗೆ ಬರಲು ಕೈಯಿಂದ ಹಣ ಹೋಯಿತು. ಎಚ್‌ಆರ್ ವಾಪಸ್ ಕೊಡಲಿಲ್ಲ.

ಕೋಲಾರ: ಅದಕ್ಕೇ ಭಾರತದ ಟೈಮ್‌ಗೆ ಹಾಕಿಸಿ ಅಂದಿದ್ದು!

ತಿಪಟೂರು: ನ್ಯೂಯಾರ್ಕ್‌ನಲ್ಲಿ ಕ್ಲೈಂಟ್ ಇದ್ದರೆ ಅವರು ಒಪ್ಪುತ್ತಾರಾ ಅಕ್ಕ? ನಿಮ್ಮದು ಒಳಗಿನ ತಂಡ, ನಡೆಯಿತು.

ಕೋಲಾರ: ಕ್ಲೈಂಟ್ ಅಂದರೆ ದೇವರಾ? ಕೇಳಿಯಾದರೂ ನೋಡಿದ್ದೀರಾ ಒಮ್ಮೆ?